ಏಕಾದಶಿ ಮತ್ತು ರೋಜಾ: ಎರಡು ಉಪವಾಸ, ಎರಡು ಉದ್ದೇಶ

ಪ್ರಶ್ನೆ: ಸರ್, ನಾನು ಧಾರವಾಡದವಳು. ಮದುವೆಯಾದ ಮೇಲೆ ಪುಣೆಯ ಕೊಥ್ರೂಡ್‌ನಲ್ಲಿದ್ದೇನೆ. ನಮ್ಮದು ಮಾಧ್ವರ ಮನೆ. ಅತ್ತೆಗೆ ಈಗ 76, ಈಗಲೂ ಏಕಾದಶಿಗೆ ನೀರು ಮುಟ್ಟುವುದಿಲ್ಲ. ನಾನು ಆಫೀಸಿಗೆ ಹೋಗುವವಳು. ಇಲ್ಲಿಯವರ ಹಾಗೆ ಸಾಬೂದಾಣಿ ಖಿಚಡಿ ತಿಂದು ಮಾಡುತ್ತೇನೆ. ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಸಿಡಿಯುತ್ತೆ, ಎಲ್ಲರ ಮೇಲೂ ರೇಗುತ್ತೇನೆ, ದೇವರ ನೆನಪಂತೂ ಬರಲ್ಲ. ಆಫೀಸಿನ ಗೆಳತಿ ರಂಜಾನಿನಲ್ಲಿ ತಿಂಗಳಿಡೀ ರೋಜಾ ಇಡುತ್ತಾಳೆ. ಅದನ್ನು ನೋಡಿ ನನ್ನ ಕಾಲೇಜು ಮಗಳು "ನಿಜವಾದ ಉಪವಾಸ ಅವರದು, ನಿನ್ನದು ಬರೀ ಮೆನು ಬದಲಾವಣೆ" ಅಂತಾಳೆ. ಅತ್ತೆ "ರಾತ್ರಿಯೆಲ್ಲ ತಿಂದು ಹಗಲು ಬಿಟ್ಟರೆ ಅದೆಂಥ ಉಪವಾಸ" ಅಂತಾರೆ. ಹೋದ ವರ್ಷದಿಂದ ನನಗೆ ಸಕ್ಕರೆ ಕಾಯಿಲೆಗೆ ಮಾತ್ರೆ ಬೇರೆ. ಉಪವಾಸ ನಿಜವಾಗಿ ಯಾತಕ್ಕೆ? ನಾನು ಬಿಟ್ಟರೆ ದೋಷ ಬರುತ್ತಾ?

ಉತ್ತರ: ನಿಮ್ಮ ಮಗಳೂ ಅತ್ತೆಯವರೂ ಬೇರೆ ಬೇರೆ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಇಬ್ಬರೂ ನೋಡುತ್ತಿರುವುದು ಒಂದನ್ನೇ: ಹೊಟ್ಟೆ ಎಷ್ಟು ಹೊತ್ತು ಖಾಲಿ ಇತ್ತು? ಏಕಾದಶಿಯಾಗಲಿ, ರೋಜಾ ಆಗಲಿ, ಈ ಲೆಕ್ಕದ ಮೇಲೆ ನಿಂತಿಲ್ಲ.

ಮುಂಬೈಯ ಕಾಲೇಜಿನಲ್ಲಿ ಬಹಳ ವರ್ಷ ಧರ್ಮಗಳ ಪಾಠ ಮಾಡಿದ್ದೇನೆ. ಈ ಜಗಳ ತರಗತಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಆಗ ನಾನು ಹುಡುಗರಿಗೆ ಹೇಳುತ್ತಿದ್ದೆ: ಉಪವಾಸ ಹೇಗೆ ಶುರುವಾಗುತ್ತದೆ ಅನ್ನುವುದನ್ನು ಬಿಡಿ, ಹೇಗೆ ಮುಗಿಯಬೇಕು ಅಂತ ನಿಯಮ ಇದೆಯೋ ಅದನ್ನು ನೋಡಿ. ಉದ್ದೇಶ ಅಲ್ಲಿ ಸಿಗುತ್ತದೆ.

ಅಂಬರೀಷ ರಾಜನ ಕಥೆ ನಿಮ್ಮ ಅತ್ತೆಯವರಿಗೆ ಬಾಯಿಪಾಠ ಇರುತ್ತದೆ. ಭಾಗವತದ ಒಂಬತ್ತನೇ ಸ್ಕಂಧದಲ್ಲಿದೆ. ರಾಜ ವರ್ಷವಿಡೀ ವ್ರತ ಮಾಡಿದ್ದಾನೆ. ದ್ವಾದಶಿ ದಿನ ಪಾರಣೆಗೆ, ಅಂದರೆ ಉಪವಾಸ ಬಿಡುವ ಊಟಕ್ಕೆ ಕೂರಬೇಕು, ಅಷ್ಟರಲ್ಲಿ ದೂರ್ವಾಸರು ಅತಿಥಿಯಾಗಿ ಬಂದು ಸ್ನಾನಕ್ಕೆ ಹೋಗುತ್ತಾರೆ. ವಾಪಸು ಬರುವುದೇ ಇಲ್ಲ. ದ್ವಾದಶಿ ಮುಗಿಯಲು ಉಳಿದಿರುವುದು ಅರ್ಧ ಮುಹೂರ್ತ, ಅಂದರೆ 24 ನಿಮಿಷ. ಅತಿಥಿಯನ್ನು ಬಿಟ್ಟು ಉಂಡರೆ ತಪ್ಪು. ದ್ವಾದಶಿ ಮೀರಿದರೆ ವ್ರತ ಕೆಡುತ್ತದೆ. ಪಂಡಿತರನ್ನು ಕೇಳಿ ರಾಜ ಒಂದು ಗುಟುಕು ನೀರು ಕುಡಿಯುತ್ತಾನೆ. ನೀರು ಕುಡಿದರೆ ಉಂಡ ಹಾಗೂ ಹೌದು, ಉಣ್ಣದ ಹಾಗೂ ಹೌದು. ದೂರ್ವಾಸರು ಸಿಟ್ಟಾಗುತ್ತಾರೆ, ಆದರೆ ದೇವರು ರಾಜನ ಕಡೆ ನಿಲ್ಲುತ್ತಾನೆ.

ಈಗ ಆ ಕಡೆ ನೋಡಿ. ಸೂರ್ಯ ಮುಳುಗಿದ ಮೇಲೆ ರೋಜಾ ಬಿಡಲು ತಡ ಮಾಡಬಾರದು, ಬೇಗ ಬಿಡುವವರೆಗೆ ಜನ ಒಳ್ಳೆಯ ದಾರಿಯಲ್ಲಿರುತ್ತಾರೆ ಅಂತ ಪ್ರವಾದಿಗಳ ಮಾತಿದೆ. ರಾತ್ರಿಯೂ ತಿನ್ನದೆ ದಿನಕ್ಕೆ ದಿನ ಸೇರಿಸಿ ಉಪವಾಸ ಮಾಡುವುದನ್ನು ಅವರು ತಮ್ಮ ಜನಕ್ಕೆ ಬೇಡ ಅಂದಿದ್ದರು.

ಹಸಿವೇ ಗುರಿ ಆಗಿದ್ದಿದ್ದರೆ ಇನ್ನೊಂದೆರಡು ಗಂಟೆ ತಡೆದವರಿಗೆ ಜಾಸ್ತಿ ಪುಣ್ಯ ಸಿಗಬೇಕಿತ್ತು, ಅಲ್ವಾ? ಎರಡೂ ಕಡೆ ಅದನ್ನು ತಪ್ಪು ಅಂತಲೇ ಇಟ್ಟಿದ್ದಾರೆ. ಹಾಗಾದರೆ ಗುರಿ ಏನು? ಇಲ್ಲಿಂದ ಎರಡು ದಾರಿ ಬೇರೆಯಾಗುತ್ತವೆ.

ಏಕಾದಶಿಯನ್ನು ಒಂದು ದಿನದ ಉಪವಾಸ ಅಂದುಕೊಳ್ಳುತ್ತೇವೆ. ನಿಮ್ಮ ಮನೆಯ ಪದ್ಧತಿಯಲ್ಲಿ ಅದು ಮೂರು ದಿನದ ಕೆಲಸ. ದಶಮಿಗೆ ಒಪ್ಪತ್ತು, ಹಗಲಲ್ಲಿ ಒಂದೇ ಊಟ, ರಾತ್ರಿ ಇಲ್ಲ. ಏಕಾದಶಿಗೆ ನಿರಾಹಾರ, ಆದಷ್ಟು ಜಾಗರಣೆ. ದ್ವಾದಶಿ ಬೆಳಗ್ಗೆ ಪೂಜೆ ಮುಗಿಸಿ ಪಾರಣೆ. ಈ ಮೂರು ದಿನದಲ್ಲಿ ಮನೆಯಲ್ಲಿ ಏನು ಬದಲಾಗುತ್ತಿತ್ತು ಅಂತ ನಿಮ್ಮ ಅಜ್ಜಿಯ ಮನೆಯನ್ನು ನೆನೆಸಿಕೊಳ್ಳಿ. ಏಕಾದಶಿ ದಿನ ಒಲೆ ಹೊತ್ತುತ್ತಿರಲಿಲ್ಲ. ನೆನೆಸುವುದು, ರುಬ್ಬುವುದು, ಬೇಯಿಸುವುದು, ಬಡಿಸುವುದು, ಮುಸುರೆ ತಿಕ್ಕುವುದು ಯಾವುದೂ ಇಲ್ಲ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಗೇ ಖಾಲಿ ಬೀಳುತ್ತಿತ್ತು. ಆ ಹೊತ್ತಿನಲ್ಲಿ ಪಾರಾಯಣ, ಭಜನೆ, ದಾಸರ ಪದ. ಎಲ್ಲಾ ಇಂದ್ರಿಯಗಳನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ಬಿಡಿಸಿ ದೇವರ ಕಡೆ ತಿರುಗಿಸುವುದು ಈ ವ್ರತದ ಉದ್ದೇಶ. ಊಟ ಬಿಡುವುದು ಅದಕ್ಕೆ ದಾರಿ ಮಾಡಿಕೊಡುತ್ತದೆ, ಅಷ್ಟೇ.

ಇದರ ಮಿತಿ ಎಲ್ಲಿದೆ ಅಂತಲೂ ಹಿರಿಯರಿಗೆ ಗೊತ್ತಿತ್ತು. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಒಂದು ಮಾತಿದೆ. ಆಹಾರ ಬಿಟ್ಟವನಿಂದ ವಿಷಯಗಳು ದೂರ ಸರಿಯುತ್ತವೆ, ಆದರೆ ರುಚಿ ಉಳಿಯುತ್ತದೆ. ಪರಮಾತ್ಮನನ್ನು ಕಂಡ ಮೇಲೆ ಆ ರುಚಿಯೂ ಹೋಗುತ್ತದೆ. ಅಂದರೆ ಬರೀ ತಿನ್ನದೆ ಕೂತರೆ ಮನಸ್ಸು ತಟ್ಟೆಯ ಸುತ್ತಲೇ ತಿರುಗುತ್ತಿರುತ್ತದೆ. ಏಕಾದಶಿಯ ಸಂಜೆ "ನಾಳೆ ಬೆಳಗ್ಗೆ ಏನು ಮಾಡೋಣ" ಅನ್ನುವುದೇ ಮನೆಮಂದಿಯ ಮಾತಾಗಿದ್ದರೆ ಗೀತೆ ಹೇಳಿದ ಆ ರುಚಿ ಅದೇ. ಆದ್ದರಿಂದಲೇ ಊಟ ತೆಗೆದ ಜಾಗದಲ್ಲಿ ಇನ್ನೇನನ್ನಾದರೂ ಇಡಬೇಕು. ಖಾಲಿ ಬಿಟ್ಟರೆ ಊಟವೇ ವಾಪಸು ಬಂದು ಕೂರುತ್ತದೆ.

ರಂಜಾನಿನ ಕಟ್ಟಡವೇ ಬೇರೆ. ಕುರ್‌ಆನಿನ ಎರಡನೇ ಅಧ್ಯಾಯದಲ್ಲಿ, 183ನೇ ವಾಕ್ಯದಿಂದ ಅದರ ನಿಯಮ ಬರುತ್ತದೆ. ಉದ್ದೇಶವನ್ನು ಅಲ್ಲೇ ಹೇಳಿದ್ದಾರೆ: ನಿಮಗಿಂತ ಹಿಂದಿನವರಿಗೆ ವಿಧಿಸಿದ ಹಾಗೆ ನಿಮಗೂ ಉಪವಾಸ ವಿಧಿಸಿದೆ, ನಿಮ್ಮಲ್ಲಿ ತಖ್ವಾ ಬೆಳೆಯಲಿ ಅಂತ. ತಖ್ವಾ ಅಂದರೆ ದೇವರು ನೋಡುತ್ತಿದ್ದಾನೆ ಅನ್ನುವ ಎಚ್ಚರ, ಆ ಎಚ್ಚರದಿಂದ ಕೆಟ್ಟದ್ದರಿಂದ ದೂರ ಇರುವುದು. ಈ ಎಚ್ಚರವನ್ನು ಬೆಳೆಸುವ ರೀತಿ ತುಂಬಾ ನೇರವಾಗಿದೆ. ಅನ್ನ, ನೀರು, ಗಂಡ ಹೆಂಡತಿಯ ಸಂಬಂಧ ಎಲ್ಲವೂ ಬೇರೆ ದಿನ ಸರಿಯಾದದ್ದೇ. ಆದರೆ ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ಅವು ಬೇಡ. ನಿಮ್ಮ ಗೆಳತಿ ಆಫೀಸಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಂದು ಗುಟುಕು ನೀರು ಕುಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಕುಡಿಯುವುದಿಲ್ಲ. ಇಂಥದ್ದು ದಿನಕ್ಕೆ ಹತ್ತಾರು ಸಲ, 29 ಅಥವಾ 30 ದಿನ ನಡೆಯುತ್ತದೆ. ಸರಿಯಾದದ್ದನ್ನೇ ದೇವರ ಮಾತಿಗೆ ಬಿಟ್ಟವಳು ಸರಿಯಲ್ಲದ್ದನ್ನು ಬಿಡಲು ಕಲಿಯುತ್ತಾಳೆ ಅನ್ನುವುದು ಇದರ ಹಿಂದಿನ ಯೋಚನೆ. ಸುಳ್ಳು ಹೇಳುವುದನ್ನು ಬಿಡದವನು ಊಟ ನೀರು ಬಿಟ್ಟರೆ ದೇವರಿಗೆ ಅದರ ಅಗತ್ಯ ಇಲ್ಲ ಅಂತ ಪ್ರವಾದಿಗಳ ಮಾತುಗಳ ಸಂಗ್ರಹವಾದ ಹದೀಸಿನಲ್ಲಿ ಖಡಾಖಂಡಿತವಾಗಿ ಹೇಳಿದೆ. ಮರೆತು ತಿಂದರೆ ಮಾತ್ರ ರೋಜಾ ಮುರಿಯುವುದಿಲ್ಲ, ಮುಂದುವರಿಸಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ನಿಯತ್ತು.

ಹೀಗೆ ನೋಡಿದರೆ ರಾತ್ರಿಯ ಊಟ ಕಳ್ಳದಾರಿ ಅಲ್ಲ ಅಂತ ಅತ್ತೆಯವರಿಗೆ ಹೇಳಬಹುದು. ಬೆಳಗಿನ ಜಾವದ ಸಹರಿ ಊಟದಲ್ಲಿ ಬರಕತ್ ಇದೆ, ಅದನ್ನು ಮಾಡಿ ಅಂತ ಪ್ರವಾದಿಗಳೇ ಹೇಳಿದ್ದಾರೆ. ತಿನ್ನುವುದೂ ಆಜ್ಞೆ, ಬಿಡುವುದೂ ಆಜ್ಞೆ. ಮರುದಿನ ಆಕೆ ಕೆಲಸಕ್ಕೆ ಹೋಗಬೇಕು, ಮಕ್ಕಳನ್ನು ನೋಡಬೇಕು, ಹೀಗೆ ಒಂದು ತಿಂಗಳು ನಡೆಯಬೇಕು. ರಂಜಾನ್ ಲೋಕದ ಕೆಲಸ ನಿಲ್ಲಿಸುವುದಿಲ್ಲ. ಕೆಲಸದ ಮಧ್ಯದಲ್ಲೇ ಎಚ್ಚರ ಇಡು ಅನ್ನುತ್ತದೆ. ಏಕಾದಶಿ ಒಂದು ದಿನ ಲೋಕದ ಕೆಲಸದಿಂದ ಆಚೆ ಬಾ ಅನ್ನುತ್ತದೆ. ನನ್ನ ಪ್ರಕಾರ ಎರಡರ ನಡುವಿನ ನಿಜವಾದ ವ್ಯತ್ಯಾಸ ಇದು. ಇದರಲ್ಲಿ ದೊಡ್ಡದು ಚಿಕ್ಕದು ಅಂತ ಹುಡುಕಲು ಹೋಗಬೇಡಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮಗಳಿಗೆ ಇಷ್ಟವಾಗಬಹುದು. ಎರಡೂ ಚಂದ್ರನ ಲೆಕ್ಕ. ಅಮಾವಾಸ್ಯೆ ಕಳೆದು ಮೊದಲ ಚಂದ್ರ ಕಂಡ ಮಾರನೆಯ ದಿನ ರಂಜಾನ್ ಶುರು. ಹಾಗಾಗಿ ಪ್ರತಿ ರಂಜಾನಿನಲ್ಲೂ ಹತ್ತನೇ ರೋಜಾದ ಹತ್ತಿರ ಒಂದು ಏಕಾದಶಿ, ಇಪ್ಪತ್ತೈದನೆಯದರ ಹತ್ತಿರ ಇನ್ನೊಂದು ಬಂದೇ ಬರುತ್ತದೆ. ನಮ್ಮ ಪಂಚಾಂಗ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿಕೊಳ್ಳುತ್ತದೆ. ಅದಕ್ಕೇ ಆಷಾಢದ ಏಕಾದಶಿ ಯಾವಾಗಲೂ ಮಳೆಗಾಲದಲ್ಲೇ ಬೀಳುತ್ತದೆ, ಆಳಂದಿ, ದೇಹೂವಿನ ಪಾಲಖಿಗಳು ಪುಣೆಯಲ್ಲಿ ತಂಗಿ ಮಳೆಯಲ್ಲೇ ಪಂಢರಪುರಕ್ಕೆ ನಡೆಯುತ್ತವೆ. ಇಸ್ಲಾಮಿನ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಸುಮಾರು 33 ವರ್ಷದಲ್ಲಿ ಎಲ್ಲಾ ಋತುಗಳನ್ನೂ ಸುತ್ತಿ ಬರುತ್ತದೆ. ನಿಮ್ಮ ಗೆಳತಿ ಚಳಿಗಾಲದ ಸಣ್ಣ ಹಗಲಿನಲ್ಲೂ ರೋಜಾ ಇಡುತ್ತಾಳೆ, ಮೇ ತಿಂಗಳ ಬಿಸಿಲಿನಲ್ಲೂ ಇಡಬೇಕಾಗುತ್ತದೆ.

ಈಗ ನಿಮ್ಮ ಖಿಚಡಿಗೆ ಬರೋಣ.

ಏಕಾದಶಿಗೆ ಬೇಡ ಅಂದಿರುವುದು ಮುಖ್ಯವಾಗಿ ಧಾನ್ಯ: ಅಕ್ಕಿ, ಗೋಧಿ, ಜೋಳ, ಬೇಳೆ. ಪೂರ್ತಿ ನಿರಾಹಾರ ಇರಲು ಆಗದವರಿಗೆ ಇಳಿಯುವ ಮೆಟ್ಟಿಲುಗಳೂ ಇವೆ. ಹಾಲು ಹಣ್ಣು ತೆಗೆದುಕೊಳ್ಳುವುದು ಒಂದು. ರಾತ್ರಿ ಮಾತ್ರ ಉಣ್ಣುವ ನಕ್ತ ಇನ್ನೊಂದು. ಹಗಲು ಒಂದು ಸಲ ಉಣ್ಣುವ ಏಕಭುಕ್ತ ಮತ್ತೊಂದು. ಸಾಬೂದಾಣಿ ಈ ಯಾವ ಹಳೆಯ ಲೆಕ್ಕದಲ್ಲೂ ಇಲ್ಲ. ಅದು ಮರಗೆಣಸಿನ ಹಿಟ್ಟಿನಿಂದ ಮಾಡುವ ವಸ್ತು, ಮರಗೆಣಸು ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ನಮಗೆ ಬಂದ ಗಿಡ. ಧಾನ್ಯ ಅಲ್ಲ, ಗೆಡ್ಡೆ ಅಂತ ಮಹಾರಾಷ್ಟ್ರದ ಮನೆಗಳು ಅದನ್ನು ಒಪ್ಪಿಕೊಂಡವು. ಹಾಗೆ ಒಪ್ಪಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ, ಗೆಡ್ಡೆ ಗೆಣಸಿಗೆ ಅನುಮತಿ ಇದೆ. ತೊಂದರೆ ಆದದ್ದು ಆಮೇಲೆ. ಖಿಚಡಿ, ವಡೆ, ವರೀ ಅನ್ನ, ರಾಜಗಿರಾ ಪೂರಿ, ಗೆಣಸಿನ ಸಿಹಿ ಅಂತ ಉಪವಾಸದ್ದೇ ಒಂದು ಅಡುಗೆ ಬೆಳೆಯಿತು. "ಏಕಾದಶಿ, ದುಪ್ಪಟ್ ಖಾಶಿ" ಅಂತ ಮರಾಠಿಯವರೇ ಹೇಳಿಕೊಳ್ಳುತ್ತಾರೆ, ಏಕಾದಶಿಗೆ ಎರಡರಷ್ಟು ತಿಂದರು ಅಂತ. ರಂಜಾನಿಗೂ ಇದು ಅಂಟಿಕೊಂಡಿದೆ. ಮುಂಬೈಯ ಮೊಹಮ್ಮದ್ ಅಲಿ ರಸ್ತೆಯಲ್ಲಿ ಮಿನಾರಾ ಮಸೀದಿಯ ಸುತ್ತ ಆ ತಿಂಗಳ ರಾತ್ರಿ ಕಾಲಿಡಲು ಜಾಗ ಇರುವುದಿಲ್ಲ, ಮಾಲ್ಪುವಾ, ಕಬಾಬಿನ ಅಂಗಡಿಗಳ ಮುಂದೆ ಅಷ್ಟು ಜನ. ರಂಜಾನಿನಲ್ಲಿ ತೂಕ ಹೆಚ್ಚಾಯಿತು ಅಂತ ನನ್ನ ಮುಸ್ಲಿಂ ವಿದ್ಯಾರ್ಥಿಗಳೇ ಹೇಳುತ್ತಿದ್ದರು. ಮಗಳ ಮಾತಿನಲ್ಲಿ ಇಷ್ಟು ಸತ್ಯ ಇದೆ. ಆದರೆ ಅದು ಒಂದೇ ಧರ್ಮಕ್ಕೆ ಸೇರಿದ್ದಲ್ಲ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಬೇರೆ. ಬೆಳಗ್ಗೆ ಎದ್ದು ಮಗಳಿಗೂ ಯಜಮಾನರಿಗೂ ತಿಂಡಿ, ಡಬ್ಬಿ ಮಾಡುತ್ತೀರಿ ಅಂತ ಇಟ್ಟುಕೊಳ್ಳೋಣ. ಹಿಂದಿನ ರಾತ್ರಿಯೇ ಸಾಬೂದಾಣಿ ನೆನೆಸಬೇಕು, ಶೇಂಗಾ ಹುರಿದು ಪುಡಿ ಮಾಡಬೇಕು. ಬೇರೆ ದಿನ ಒಂದು ಅಡುಗೆ, ಏಕಾದಶಿಗೆ ಎರಡು ಅಡುಗೆ. ಆಮೇಲೆ ಆಫೀಸು. ಈ ದಿನ ಖಾಲಿ ಆಗಲೇ ಇಲ್ಲ. ಇನ್ನೂ ತುಂಬಿಕೊಂಡಿತು. ದೇವರ ನೆನಪು ಬರಲು ಜಾಗ ಎಲ್ಲಿದೆ? ಅಜ್ಜಿಯ ಕಾಲದಲ್ಲಿ ಇಡೀ ಮನೆ ಉಪವಾಸ ಮಾಡುತ್ತಿತ್ತು, ಒಲೆಯೂ ಸೇರಿ. ಈಗ ಒಬ್ಬ ಹೆಂಗಸು ಮಾತ್ರ ಮಾಡುತ್ತಾಳೆ, ಒಲೆ ಉರಿಯುತ್ತಲೇ ಇರುತ್ತದೆ. ಗೆಳತಿಯ ಮನೆಯಲ್ಲಿ ತಿಂಗಳ ಮಟ್ಟಿಗೆ ಎಲ್ಲರ ಗಡಿಯಾರವೂ ಒಟ್ಟಿಗೆ ಬದಲಾಗುತ್ತದೆ, ಅದು ಆಕೆಗೆ ದೊಡ್ಡ ಬೆಂಬಲ. ಹಾಗಂತ ಅಲ್ಲೂ ಸಂಜೆ ಎರಡು ಗಂಟೆ ಬಾಯಿಗೆ ಏನೂ ಹಾಕದೆ ಎಲ್ಲರಿಗೂ ಭಜಿ ಕರಿಯುತ್ತಾ ನಿಂತ ಹೆಂಗಸರು, ಇಫ್ತಾರಿನ ಮುಂಚಿನ ಪ್ರಾರ್ಥನೆಯ ಹೊತ್ತು ಕಳೆದುಕೊಳ್ಳುವುದುಂಟು.

ಹಾಗಾಗಿ ನನ್ನ ಮೊದಲ ಸಲಹೆ ಅಡುಗೆಮನೆಯದು. ಏಕಾದಶಿ ದಿನ ಉಪವಾಸದ ಅಡುಗೆ ಮಾಡಬೇಡಿ. ನಿಮಗೆ ಹಾಲು, ಮೊಸರು, ಒಂದಿಷ್ಟು ಶೇಂಗಾ, ಒಂದು ಹಣ್ಣು ಸಾಕು. ಉಳಿದವರ ಡಬ್ಬಿಯನ್ನು ಅವರು ನೋಡಿಕೊಳ್ಳಲಿ. ತಿಂಗಳಲ್ಲಿ ಎರಡು ದಿನ ಅಷ್ಟೇ. ಹೀಗೆ ಉಳಿದ ಹೊತ್ತಿನಲ್ಲಿ ಆಫೀಸಿಗೆ ಹೋಗುವ ಮುಂಚೆ ವಿಷ್ಣು ಸಹಸ್ರನಾಮ ಹೇಳಿ. ಸಾವಕಾಶವಾಗಿ ಹೇಳಿದರೂ ಅರ್ಧ ಗಂಟೆಯ ಆಚೀಚೆ ಮುಗಿಯುತ್ತದೆ. ಖಿಚಡಿಗೆ ಹೋಗುತ್ತಿದ್ದ ಸಮಯ ಹೆಚ್ಚು ಕಡಿಮೆ ಅಷ್ಟೇ.

ಮಧ್ಯಾಹ್ನ ಮೂರರ ತಲೆನೋವು, ಸಿಟ್ಟನ್ನು ಭಕ್ತಿ ಕಡಿಮೆ ಆಯಿತು ಅಂತ ಓದಬೇಡಿ. ಅದಕ್ಕೆ ದೇಹದ ಕಾರಣಗಳಿವೆ. ಚಹಾ ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೊನೆಯ ಲೋಟದಿಂದ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ದಶಮಿ ಸಂಜೆ ಆರಕ್ಕೆ ಕುಡಿದ ಚಹಾ ಕೊನೆಯದಾದರೆ ಏಕಾದಶಿ ಮಧ್ಯಾಹ್ನ ಮೂರು ಅಂದರೆ 21 ಗಂಟೆ. ಲೆಕ್ಕ ಸರಿಯಾಗಿ ಕೂರುತ್ತದೆ. ರೋಜಾ ಇಡುವವರಿಗೂ ಮೊದಲ ಕೆಲವು ದಿನ ಇದೇ ಕಾಟ, ತಿಳಿದವರು ಮುಂಚಿನ ತಿಂಗಳಿನಿಂದಲೇ ಚಹಾ ಇಳಿಸುತ್ತಾ ಬರುತ್ತಾರೆ. ನೀವು ಅಷ್ಟಮಿ, ನವಮಿಯಿಂದ ಅರ್ಧರ್ಧ ಮಾಡಿ ನೋಡಿ. ಎರಡನೆಯದು ಖಿಚಡಿಯೇ. ಒಣ ಸಾಬೂದಾಣಿಯ 100 ಗ್ರಾಮಿನಲ್ಲಿ 85 ಗ್ರಾಮಿಗಿಂತ ಜಾಸ್ತಿ ಬರೀ ಪಿಷ್ಟ. ಬೆಳಗ್ಗೆ ಒಂದು ತಟ್ಟೆ ತಿಂದರೆ ರಕ್ತದಲ್ಲಿ ಸಕ್ಕರೆ ಸರ್ರನೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸುಸ್ತು, ಹಸಿವು, ಕಿರಿಕಿರಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಜೋಳದ ರೊಟ್ಟಿ ಪಲ್ಯಕ್ಕಿಂತ ಕೆಟ್ಟದ್ದು. ಮೂರನೆಯದು ದಶಮಿ ರಾತ್ರಿ. ನಾಳೆ ಉಪವಾಸ ಅಂತ ಹೊಟ್ಟೆ ಬಿರಿಯೆ ಉಣ್ಣುವ ಅಭ್ಯಾಸ ಬಹಳ ಮನೆಗಳಲ್ಲಿದೆ. ದಶಮಿಗೆ ಒಪ್ಪತ್ತು ಅಂತ ಇಟ್ಟದ್ದು ಇದಕ್ಕೆ ಸರಿಯಾಗಿ ಉಲ್ಟಾ. ಮಾತ್ರೆ ತೆಗೆದುಕೊಳ್ಳುವ ನಿಮಗೆ ಒಪ್ಪತ್ತು ಬೇಡ. ರಾತ್ರಿ ಊಟವನ್ನು ಬೇಗ, ಹಗುರವಾಗಿ ಮುಗಿಸಿದರೆ ಸಾಕು.

ಈಗ ಮಾತ್ರೆಯ ವಿಷಯ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಔಷಧಿಯಿಂದ ವ್ರತ ಕೆಡುವುದಿಲ್ಲ. ಇದು ನನ್ನ ಸಮಾಧಾನದ ಮಾತಲ್ಲ. ವ್ರತವನ್ನು ಕೆಡಿಸದ ಎಂಟು ವಸ್ತುಗಳು ಅಂತ ಹಳೆಯ ಶ್ಲೋಕವೇ ಇದೆ, ಧರ್ಮಶಾಸ್ತ್ರ ಬರೆದವರು ಅದನ್ನು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧಿ. ಏಕಾದಶಿಯನ್ನು ಎಂಟು ವರ್ಷ ದಾಟಿದವರು, ಎಂಬತ್ತು ತುಂಬದವರು ಮಾಡಬೇಕು ಅಂತ ವಯಸ್ಸಿನ ಗಡಿಯನ್ನೂ ಹಾಕಿದ್ದಾರೆ. ಗೀತೆಯ ಆರನೇ ಅಧ್ಯಾಯದಲ್ಲಿ ಅತಿಯಾಗಿ ಉಣ್ಣುವವನಿಗೂ ಯೋಗ ಇಲ್ಲ, ಏನೂ ಉಣ್ಣದವನಿಗೂ ಇಲ್ಲ ಅಂದಿದೆ. ಕುರ್‌ಆನಿನಲ್ಲಿ ರೋಜಾ ವಿಧಿಸಿದ ಮರುವಾಕ್ಯದಲ್ಲೇ ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಬರುತ್ತದೆ. ಬೇರೆ ದಿನ ಅಷ್ಟು ರೋಜಾ ತುಂಬಿಕೊಡಬೇಕು, ಅದು ಕಜಾ. ವಾಸಿಯಾಗುವ ಭರವಸೆ ಇಲ್ಲದ ಕಾಯಿಲೆ ಆದರೆ ದಿನಕ್ಕೆ ಒಬ್ಬ ಬಡವರಿಗೆ ಊಟ, ಅದು ಫಿದ್ಯಾ. ದೇವರು ನಿಮಗೆ ಸುಲಭವಾದದ್ದನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಅಂತ ಅಲ್ಲೇ ಸೇರಿಸಿದೆ.

ಏಕಾದಶಿಗೆ ಹೀಗೆ ಮುಂದೆ ತುಂಬಿಕೊಡುವ ದಿನ ಇಲ್ಲ. ಆದರೆ ಬೇರೆ ದಾರಿ ಇದೆ. ಅದು ನಿತ್ಯ ವ್ರತ, ಕಾರಣ ಇಲ್ಲದೆ ಸುಮ್ನೆ ಬಿಡಬಾರದು. ಕಾರಣ ಇದ್ದರೆ ಮೆಟ್ಟಿಲು ಇಳಿಯಬಹುದು. ಅದೂ ಆಗದಿದ್ದರೆ ಒಬ್ಬರ ಪರವಾಗಿ ಮನೆಯವರು ಮಾಡಬಹುದು, ಹೆಂಡತಿಯ ಪರವಾಗಿ ಗಂಡ, ತಾಯಿಯ ಪರವಾಗಿ ಮಗ. ನಿಮ್ಮ ಪತ್ರದಲ್ಲಿ ಯಜಮಾನರ ಉಪವಾಸದ ಮಾತೇ ಇಲ್ಲ. ಏಕಾದಶಿ ಗಂಡಸರಿಗೂ ಅಷ್ಟೇ ಸೇರಿದ್ದು. ಅತ್ತೆಯವರ ಪರವಾಗಿಯೂ ನಿಮ್ಮ ಪರವಾಗಿಯೂ ಅವರು ನಿರಾಹಾರ ಮಾಡಲು ಶಾಸ್ತ್ರದ ಅಡ್ಡಿ ಇಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ನೀರೂ ಇಲ್ಲದ ಉಪವಾಸ ನಿಮಗೆ ಬೇಡವೇ ಬೇಡ. ಹಾಲು ಹಣ್ಣಿನ ಉಪವಾಸ ಆಗಬಹುದು, ಆದರೆ ಯಾವ ಮಾತ್ರೆ ಅನ್ನುವುದರ ಮೇಲೆ ನಿಂತಿದೆ. ನಾನು ವೈದ್ಯ ಅಲ್ಲ. ಆದರೂ ಇಷ್ಟು ಭೇದ ನಿಮಗೆ ಗೊತ್ತಿರಬೇಕು. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ತರಹದ್ದು ಅಥವಾ ಇನ್ಸುಲಿನ್ ಇದ್ದರೆ ಊಟ ಬಿಟ್ಟ ದಿನ ಅದು ಅಪಾಯದ ಮಟ್ಟಕ್ಕೆ ಇಳಿಯಬಹುದು. ಹೆಸರಿನ ಕೊನೆಗೆ ಗ್ಲಿಫ್ಲೋಜಿನ್ ಅಂತ ಬರುವ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನೀರು ಕುಡಿಯದ ಉಪವಾಸಕ್ಕೆ ಅವು ಒಗ್ಗುವುದಿಲ್ಲ. ಮಾತ್ರೆಯ ಚೀಟಿ ತೆಗೆದುಕೊಂಡು ಹೋಗಿ "ತಿಂಗಳಿಗೆ ಎರಡು ದಿನ ಧಾನ್ಯ ತಿನ್ನಲ್ಲ, ಹಾಲು ಹಣ್ಣು ಮಾತ್ರ, ಆ ದಿನ ಡೋಸ್ ಹೇಗೆ" ಅಂತ ನೇರವಾಗಿ ಕೇಳಿ. "ಉಪವಾಸ ಮಾಡಬಹುದಾ" ಅಂತಷ್ಟೇ ಕೇಳಿದರೆ ನಿಮ್ಮ ಮನಸ್ಸಿನಲ್ಲಿರುವ ಉಪವಾಸ ಬೇರೆ, ಅವರ ಮನಸ್ಸಿನದು ಬೇರೆ ಆಗುತ್ತದೆ.

ಆ ದಿನ ಮನೆಯ ಮೀಟರಿನಲ್ಲಿ ನೋಡಿಕೊಳ್ಳಿ. 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ಉಪವಾಸ ಅಲ್ಲಿಗೇ ಮುಗಿಯಿತು. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳುವ ಗಡಿಯೂ ಇದೇ. ಬೆವರು, ಕೈ ನಡುಕ, ಕಣ್ಣು ಮಂಜು, ಮಾತಿನಲ್ಲಿ ಗಲಿಬಿಲಿ ಕಂಡರೆ ಮೀಟರ್ ಹುಡುಕುತ್ತಾ ಕೂರಬೇಡಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಇಳಿದಿದ್ದ ಸಕ್ಕರೆಯನ್ನು ಬರೀ ಸಿಟ್ಟು ಅಂತ ನೀವೂ ಮನೆಯವರೂ ತಿಳಿದುಬಿಡಬಹುದು. ಆದ್ದರಿಂದ ಮೂರು ಗಂಟೆಯ ಆ ಸಿಟ್ಟು ಬಂದಾಗ ಒಮ್ಮೆಯಾದರೂ ಪರೀಕ್ಷೆ ಮಾಡಿ ನೋಡಿ. ಬೆರಳಿಗೆ ಚುಚ್ಚಿ ರಕ್ತ ತೆಗೆದರೆ ರೋಜಾ ಮುರಿಯುತ್ತದೆ ಅಂತ ಹೆದರುವವರೂ ಇದ್ದಾರೆ. ಮುರಿಯುವುದಿಲ್ಲ ಅಂತ ಅವರ ಆಲಿಮರು ಹೇಳುತ್ತಾರೆ. ಗೆಳತಿಯ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇದನ್ನು ತಿಳಿಸಿ.

ಅತ್ತೆಯವರು ಚಿಕ್ಕಂದಿನಿಂದ ಮಾಡಿಕೊಂಡು ಬಂದವರು. ಬಿಡಿ ಅಂದರೆ ಬಿಡುವುದಿಲ್ಲ, ನೀವು ಹೇಳಿದರೆ ನಿಷ್ಠುರ ಬೇರೆ. 76ರಲ್ಲಿ ನೀರಿಲ್ಲದೆ ಒಂದೂವರೆ ದಿನ ಇರುವುದು ಮೂತ್ರಪಿಂಡಕ್ಕೆ ಭಾರ, ಬಿ.ಪಿ. ಮಾತ್ರೆ ಇದ್ದರೆ ಎದ್ದು ನಿಂತಾಗ ತಲೆ ತಿರುಗಿ ಬೀಳುವ ಭಯ. ಅವರು ಯಾವ ಮಠದವರೋ ಆ ಮಠದ ಪುಣೆ ಶಾಖೆಯ ಆಚಾರ್ಯರಿಂದ ನೀರಿಗೆ, ಹಾಲಿಗೆ ಅಪ್ಪಣೆ ಕೊಡಿಸಿ. ಗುರುವಿನ ಮಾತು ಅನ್ನುವುದು ಆ ಎಂಟರಲ್ಲಿ ಇದೆ, ಅದು ಅವರಿಗೂ ಗೊತ್ತಿರುತ್ತದೆ. ಡಾಕ್ಟರರ ಮಾತಿಗೆ ಬಗ್ಗದವರು ಇದಕ್ಕೆ ಬಗ್ಗಿದ್ದನ್ನು ನೋಡಿದ್ದೇನೆ.

ಕೊನೆಯದಾಗಿ ದಿನ ಗೊತ್ತು ಮಾಡುವ ವಿಷಯ, ಪುಣೆಯಲ್ಲಿ ಇದು ಗೊಂದಲ ಮಾಡುತ್ತದೆ. ಕಾಲನಿರ್ಣಯದಲ್ಲಿ ಕೆಲವು ಸಲ ಸ್ಮಾರ್ತ ಏಕಾದಶಿ ಒಂದು ದಿನ, ಭಾಗವತ ಏಕಾದಶಿ ಮರುದಿನ ಅಂತ ಇರುತ್ತದೆ. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯೇ ನೋಡುತ್ತಾರೆ. ಭಾಗವತ ಏಕಾದಶಿ ಮಾಡುವ ನಿಮ್ಮಂಥ ವೈಷ್ಣವರು ಅರುಣೋದಯಕ್ಕೆ, ಅಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆಯೇ ದಶಮಿ ಮುಗಿದಿರಬೇಕು ಅನ್ನುತ್ತಾರೆ. ಸೂರ್ಯೋದಯ 6ಕ್ಕೆ ಇದ್ದು ದಶಮಿ 5ಕ್ಕೆ ಮುಗಿದರೆ ಪಕ್ಕದ ಮನೆಯವರಿಗೆ ಅಂದೇ ಏಕಾದಶಿ, ನಿಮಗೆ ನಾಳೆ. ಮಠದ ಪಂಚಾಂಗವನ್ನೇ ಇಟ್ಟುಕೊಳ್ಳಿ. ಅದರಲ್ಲಿ ದ್ವಾದಶಿ ಪುಟದಲ್ಲಿ ಪಾರಣೆಯ ಹೊತ್ತು, ಪಾರಣೆ ಮಾಡಬಾರದ ದ್ವಾದಶಿಯ ಮೊದಲ ಕಾಲುಭಾಗವಾದ ಹರಿವಾಸರ ಇದ್ದರೆ ಅದು ಮುಗಿಯುವ ಹೊತ್ತು ಎರಡೂ ಇರುತ್ತವೆ. ಹರಿವಾಸರ ಬೆಳಗ್ಗೆ ಬಹಳ ಹೊತ್ತು ಇದ್ದರೆ ನಿಮ್ಮ ಬೆಳಗಿನ ಮಾತ್ರೆ ಅದಕ್ಕೆ ಕಾಯುವುದು ಬೇಡ. ಹಾಲಿನ ಜೊತೆ ಮಾತ್ರೆ ತೆಗೆದುಕೊಳ್ಳಿ, ಅನ್ನದ ಪಾರಣೆ ಸಮಯಕ್ಕೆ ಆಗಲಿ.